ಕಂಬಿ, ಸಿಮೆಂಟ್ ದರ ಏರಿಕೆಯ ವ್ಯತ್ಯಾಸದ ಬಿಲ್ಲು ವಾಪಸ್ ಬಂದಿದೆ: ಲೆಕ್ಕ ಹೇಗಿರಬೇಕು, ಮಾಲೀಕರ ಮುಂದೆ ಹೇಗೆ ಇಡಬೇಕು?

ಸೋಮವಾರಪೇಟೆಯ ಗುತ್ತಿಗೆದಾರ

ಸೋಮವಾರಪೇಟೆ ಸಮೀಪದ ಕಾಫಿ ತೋಟವೊಂದರಲ್ಲಿ ಎರಡು ಅಂತಸ್ತಿನ ಹೋಂಸ್ಟೇ ಕಟ್ಟಡವನ್ನು ಐಟಂ ದರದ ಒಪ್ಪಂದದ ಮೇಲೆ ಕಟ್ಟುತ್ತಿದ್ದೇನೆ. ಒಪ್ಪಂದಕ್ಕೆ 2025ರ ಆಗಸ್ಟ್‌ನಲ್ಲಿ ಸಹಿಯಾಯಿತು. ಮಳೆ ನಿಂತ ಮೇಲೆ ಪಾಯ ತೆಗೆದು, ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಫೂಟಿಂಗ್, ಕಾಲಂ ಮತ್ತು ಮೊದಲ ಸ್ಲ್ಯಾಬಿನ ಕೆಲಸ ಮುಗಿಸಿದ್ದೇವೆ. ಒಪ್ಪಂದದಲ್ಲಿ ಕಂಬಿಯ ಮೂಲ ದರ ಟನ್ನಿಗೆ 49,000 ರೂಪಾಯಿ, ತೆರಿಗೆ ಪ್ರತ್ಯೇಕ ಎಂದಿದೆ. ಸಿಮೆಂಟಿನ ಮೂಲ ದರ ಮೂಟೆಗೆ 396.80 ರೂಪಾಯಿ, ತೆರಿಗೆ ಸೇರಿ ಎಂದಿದೆ. ಎರಡೂ ಕುಶಾಲನಗರದ ಡಿಪೋ ತಲುಪಿದ ದರಗಳು. ಷರತ್ತಿನ ಮಾತು ಹೀಗಿದೆ: ‘ಮೂಲ ದರಕ್ಕಿಂತ ಶೇ 5ಕ್ಕಿಂತ ಹೆಚ್ಚು ಏರಿಳಿತವಾದಲ್ಲಿ ವ್ಯತ್ಯಾಸದ ಮೊತ್ತವನ್ನು ಬಿಲ್ಲಿನಲ್ಲಿ ಹೊಂದಿಸಿಕೊಳ್ಳತಕ್ಕದ್ದು.’

ಫೆಬ್ರುವರಿಯಲ್ಲಿ ಕಂಬಿ ಟನ್ನಿಗೆ 55,500 ರೂಪಾಯಿಗೆ ಬಂತು. ನಾವು ತರಿಸಿದ ಒಟ್ಟು ಕಂಬಿ 16.5 ಟನ್. ಟನ್ನಿಗೆ 6,500ರಂತೆ 1,07,250 ರೂಪಾಯಿ, ಅದರ ಮೇಲೆ ಶೇ 18ರ ತೆರಿಗೆ ಸೇರಿಸಿ 1,26,555 ರೂಪಾಯಿಯ ವ್ಯತ್ಯಾಸದ ಬಿಲ್ಲನ್ನು ಕೊಟ್ಟೆವು. ಸಿಮೆಂಟಿಗೆ 700 ಮೂಟೆಗೆ 20 ರೂಪಾಯಿಯಂತೆ ಕೇಳಿದ್ದೆವು. ಮಾಲೀಕರು ಎರಡನ್ನೂ ತಿರಸ್ಕರಿಸಿ ಕಳುಹಿಸಿದ್ದಾರೆ. ಮೊದಲ ಲೋಡಿನ ಕಂಬಿಯನ್ನು ಕಡಿಮೆ ದರಕ್ಕೆ ಕೊಂಡಿರುವಾಗ ಎಲ್ಲ ಟನ್ನಿಗೂ ಫೆಬ್ರುವರಿ ದರ ಏಕೆ ಎಂಬುದು ಅವರ ಮೊದಲ ಪ್ರಶ್ನೆ. ಸಿಮೆಂಟ್ ಈಗ ತೆರಿಗೆ ಸೇರಿ 389.40 ರೂಪಾಯಿಗೆ ಸಿಗುತ್ತಿರುವುದರಿಂದ ಮೂಟೆಗೆ 7.40 ರೂಪಾಯಿಯನ್ನು ನಾವೇ ಹಿಂದಿರುಗಿಸಬೇಕು ಎಂಬುದು ಎರಡನೆಯದು. ದರ ಏರಿದ್ದಂತೂ ನಿಜ. ಲೆಕ್ಕವನ್ನು ಯಾವ ರೀತಿಯಲ್ಲಿ ಮಾಡಿದರೆ ಒಪ್ಪುವಂತಾಗುತ್ತದೆ ಎಂದು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಕಂಬಿ ಅಂಗಡಿ, ಕುಶಾಲನಗರ

ಇದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಖರೀದಿ ಬಿಲ್ಲುಗಳೇ ಸಾಕ್ಷಿ. ಬಿಲ್ಲಿನಲ್ಲಿ ನೀವು ಕೊಟ್ಟ ಒಟ್ಟು ಹಣದಿಂದ ಮೂಲ ದರದ ಪ್ರಕಾರ ಆಗಬೇಕಿದ್ದ ಹಣವನ್ನು ಕಳೆಯಿರಿ, ಉಳಿದದ್ದನ್ನು ಕೇಳಿರಿ. ತೆರಿಗೆಯನ್ನೂ ನೀವು ಕೈಯಿಂದ ಕಟ್ಟಿರುವುದರಿಂದ ಅದನ್ನು ಬಿಡುವ ಕಾರಣವಿಲ್ಲ.

ಒಂದು ಮಾತನ್ನು ಮಾತ್ರ ನೋಡಿಕೊಳ್ಳಿ. ನಮ್ಮಲ್ಲಿಗೆ ಬರುವ ಅನೇಕರು ದರ ಕೇಳುವಾಗ ಸ್ಥಳೀಯ ರೋಲಿಂಗ್ ಮಿಲ್ಲಿನ ಕಂಬಿಯ ದರ ಕೇಳಿ ಒಪ್ಪಂದಕ್ಕೆ ಬರೆಯುತ್ತಾರೆ, ಆಮೇಲೆ ದೊಡ್ಡ ಕಾರ್ಖಾನೆಯ ಕಂಬಿ ಕೊಂಡೊಯ್ಯುತ್ತಾರೆ. ಎರಡಕ್ಕೂ ಟನ್ನಿಗೆ ಕೆಲವು ಸಾವಿರದ ಅಂತರ ಯಾವಾಗಲೂ ಇರುತ್ತದೆ. ಅದು ಬ್ರ್ಯಾಂಡಿನ ಅಂತರವೇ ಹೊರತು ದರ ಏರಿಕೆಯಲ್ಲ.

ಸೋಮವಾರಪೇಟೆಯ ಗುತ್ತಿಗೆದಾರ

ಬ್ರ್ಯಾಂಡ್ ಮತ್ತು ಗ್ರೇಡ್ ಎರಡೂ ಒಪ್ಪಂದದಲ್ಲಿ ಬರೆದದ್ದೇ, ಎಫ್‌ಇ 500ಡಿ. ಎಲ್ಲ ಲೋಡುಗಳೂ ಒಂದೇ ಕಂಪನಿಯವು. ಆ ವಿಷಯದಲ್ಲಿ ತಕರಾರಿಲ್ಲ.

ಹಳೆಯ ಬಿಲ್ಲಿಂಗ್ ಎಂಜಿನಿಯರ್, ಮಡಿಕೇರಿ

ಅಂಗಡಿಯವರು ಬ್ರ್ಯಾಂಡಿನ ಬಗ್ಗೆ ಹೇಳಿದ್ದು ಸರಿ, ಉಳಿದದ್ದು ಸರಿಯಲ್ಲ. ಮೊದಲು ಪ್ರಮಾಣವನ್ನು ನೋಡೋಣ, ದರದ ಜಗಳ ಆಮೇಲೆ. ಐಟಂ ದರದ ಒಪ್ಪಂದದಲ್ಲಿ ಮಾಲೀಕರು ನಿಮ್ಮಿಂದ ಕೊಳ್ಳುತ್ತಿರುವುದು ಲಾರಿಯಲ್ಲಿ ಬಂದ ಕಂಬಿಯನ್ನಲ್ಲ, ಕಾಂಕ್ರೀಟಿನೊಳಗೆ ಕೂತ ಕಂಬಿಯನ್ನು. ಆದ್ದರಿಂದ ವ್ಯತ್ಯಾಸದ ಲೆಕ್ಕಕ್ಕೆ ಬರುವ ತೂಕ ಅಳತೆ ಪುಸ್ತಕದಲ್ಲಿ ದಾಖಲಾಗಿ ಆರ್‌ಎ ಬಿಲ್ಲಿನಲ್ಲಿ ಹಣ ಪಡೆದ ತೂಕವೇ ಆಗಿರಬೇಕು. ಅದು ಬಾರ್ ಬೆಂಡಿಂಗ್ ಶೆಡ್ಯೂಲಿನಿಂದ ಬರುತ್ತದೆ. ತೋಟದ ಮಾಲೀಕರಿಗೆ ಇದನ್ನು ವಿವರಿಸುವುದು ಕಷ್ಟವೇನಲ್ಲ, ಏಕೆಂದರೆ ಹಣ್ಣು ಕಾಫಿಯ ತೂಕಕ್ಕೂ ಕ್ಯೂರಿಂಗ್ ಮುಗಿಸಿ ಬಂದ ಬೀಜದ ತೂಕಕ್ಕೂ ಇರುವ ಅಂತರವನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು.

ನಿಮ್ಮ ಮೂರು ತಿಂಗಳ ಅಳತೆಯ ತೂಕ, ಸ್ಥಳದಲ್ಲಿ ಉಳಿದಿರುವ ದಾಸ್ತಾನು, ಮತ್ತು ಪ್ರತಿ ಲೋಡಿನ ತಿಂಗಳು, ತೂಕ, ದರ, ಇಷ್ಟನ್ನು ಇಲ್ಲಿ ಬರೆಯಿರಿ.

ಗೋಣಿಕೊಪ್ಪದ ಟಿಪ್ಪರ್

ನನ್ನದೂ ಇದೇ ಸಮಸ್ಯೆ. ಕಳೆದ ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರೀ ವಾಹನಗಳಿಗೆ ನಿರ್ಬಂಧ ಹಾಕಿದಾಗ ಸಿಮೆಂಟ್ ಲಾರಿಯನ್ನು ಘಟ್ಟಕ್ಕೆ ಹತ್ತಿಸಲಾಗದೆ, ಕೆಳಗೇ ಇಳಿಸಿ ಸಣ್ಣ ಟಿಪ್ಪರಿನಲ್ಲಿ ಎರಡೆರಡು ಸಲ ಹೊಡೆದೆವು. ಬಾಡಿಗೆ, ಇಳಿಸುವ ಕೂಲಿ, ಮತ್ತೆ ಏರಿಸುವ ಕೂಲಿ ಎಲ್ಲ ಸೇರಿ ಮೂಟೆಯ ದರವೇ ಬದಲಾಗಿಹೋಯಿತು. ಇದನ್ನು ಸಿಮೆಂಟ್ ದರ ಏರಿಕೆ ಎಂದು ತೋರಿಸಿ ಪಡೆಯಬಹುದೇ?

ಹಳೆಯ ಬಿಲ್ಲಿಂಗ್ ಎಂಜಿನಿಯರ್, ಮಡಿಕೇರಿ

ನಿಮ್ಮದು ಬೇರೆ ವಿಷಯ. ಮೂಲ ದರವನ್ನು ಡಿಪೋ ತಲುಪಿದ ದರ ಎಂದು ಬರೆದಿದ್ದರೆ, ಡಿಪೋದಿಂದ ಮುಂದಿನ ಸಾಗಣೆ ಗುತ್ತಿಗೆದಾರನ ಐಟಂ ದರದೊಳಗೇ ಸೇರಿದೆ. ನಿರ್ಬಂಧದಿಂದ ನಿಜಕ್ಕೂ ಹೊರೆಯಾಗಿದ್ದರೆ ಆದೇಶದ ಪ್ರತಿ ಇಟ್ಟು ಪ್ರತ್ಯೇಕ ಪತ್ರದಲ್ಲಿ ಕೇಳಿರಿ. ದರ ವ್ಯತ್ಯಾಸದ ಪಟ್ಟಿಯೊಳಗೆ ಬಾಡಿಗೆಯನ್ನು ತುರುಕಿದರೆ, ಅದನ್ನು ಕಂಡುಹಿಡಿದ ಮಾಲೀಕ ಪಟ್ಟಿಯ ಉಳಿದ ಸಾಲುಗಳನ್ನೂ ನಂಬುವುದಿಲ್ಲ.

ಸೋಮವಾರಪೇಟೆಯ ಗುತ್ತಿಗೆದಾರ

ವಿವರ ಇಲ್ಲಿದೆ. ಡಿಸೆಂಬರ್‌ನಲ್ಲಿ 8 ಟನ್, ದರ 50,200. ಜನವರಿಯಲ್ಲಿ 5 ಟನ್, ದರ 53,000. ಫೆಬ್ರುವರಿಯಲ್ಲಿ 3.5 ಟನ್, ದರ 55,500. ಎಲ್ಲವೂ ತೆರಿಗೆ ಬಿಟ್ಟು. ಆರ್ಕಿಟೆಕ್ಟ್ ಸಹಿ ಮಾಡಿದ ಅಳತೆಯ ಪ್ರಕಾರ ಡಿಸೆಂಬರ್‌ನಲ್ಲಿ 4.6 ಟನ್, ಜನವರಿಯಲ್ಲಿ 5.2 ಟನ್, ಫೆಬ್ರುವರಿಯಲ್ಲಿ 3.8 ಟನ್, ಒಟ್ಟು 13.6 ಟನ್. ಸ್ಥಳದಲ್ಲಿ ತೂಗಿ ನೋಡಿದಾಗ 2.2 ಟನ್ ದಾಸ್ತಾನು ಇದೆ. ಉಳಿದ 0.7 ಟನ್ ತುಂಡು ಮತ್ತು ವೇಸ್ಟೇಜ್. ವೇಸ್ಟೇಜಿಗೂ ವ್ಯತ್ಯಾಸ ಕೊಡಬೇಕಲ್ಲವೇ? ಅದನ್ನೂ ಏರಿದ ದರಕ್ಕೇ ಕೊಂಡದ್ದು.

ವಿರಾಜಪೇಟೆ, ಸರ್ಕಾರಿ ಕಾಮಗಾರಿ

ನಮ್ಮ ಲೋಕೋಪಯೋಗಿ ಕೆಲಸಗಳಲ್ಲಿ ಈ ಗೊಂದಲವೇ ಇಲ್ಲ. ಟನ್ನು, ಲೋಡು, ಅಂಗಡಿಯ ಬಿಲ್ಲು ಏನನ್ನೂ ಕೇಳುವುದಿಲ್ಲ. ಸೂತ್ರವೊಂದಿದೆ, ಅದನ್ನೇ ಇವರೂ ಬಳಸಬಹುದು.

```
Vs = 0.85 × (Ps/100) × R × (Si − S0)/S0
```

R ಎಂದರೆ ಆ ತ್ರೈಮಾಸಿಕದಲ್ಲಿ ಮಾಡಿದ ಕೆಲಸದ ಮೌಲ್ಯ, Ps ಎಂದರೆ ಕೆಲಸದಲ್ಲಿ ಕಂಬಿಯ ಪಾಲು ಶೇಕಡಾ ಎಷ್ಟೆಂದು ಟೆಂಡರಿನಲ್ಲಿ ಬರೆದ ಸಂಖ್ಯೆ. Vs ಎಂದರೆ ಕಂಬಿಗೆ ಸಿಗುವ ವ್ಯತ್ಯಾಸದ ಮೊತ್ತ. S0 ಎಂದರೆ ಕಂಬಿಯ ಮೂಲ ಸೂಚ್ಯಂಕ, Si ಎಂದರೆ ಆ ತ್ರೈಮಾಸಿಕದ ಸೂಚ್ಯಂಕ; ಎರಡೂ ಕೇಂದ್ರ ವಾಣಿಜ್ಯ ಸಚಿವಾಲಯದ ಆರ್ಥಿಕ ಸಲಹೆಗಾರರ ಕಚೇರಿ ಪ್ರಕಟಿಸುವ ಸಗಟು ಬೆಲೆ ಸೂಚ್ಯಂಕದಿಂದ ತೆಗೆದುಕೊಂಡವು. 18 ಲಕ್ಷದ ಕೆಲಸ, ಕಂಬಿಯ ಪಾಲು ಶೇ 15, ಸೂಚ್ಯಂಕ ಶೇ 8 ಏರಿದೆ ಎಂದುಕೊಂಡರೆ 18,360 ರೂಪಾಯಿ ಬರುತ್ತದೆ. ಸಿಮೆಂಟಿಗೂ ಇದೇ ರೀತಿ. ಯಾರೂ ಯಾರನ್ನೂ ಅನುಮಾನಿಸುವಂತಿಲ್ಲ.

ಹಳೆಯ ಬಿಲ್ಲಿಂಗ್ ಎಂಜಿನಿಯರ್, ಮಡಿಕೇರಿ

ಸೂತ್ರ ಸರಿಯಾಗಿದೆ, ಆದರೆ ಇವರ ಒಪ್ಪಂದದಲ್ಲಿ ಅದಕ್ಕೆ ಕಾಲೂರಲು ಜಾಗವಿಲ್ಲ. ಕಂಬಿಯ ಪಾಲು ಶೇಕಡಾ ಎಷ್ಟೆಂದು ಮೊದಲೇ ಬರೆದಿದ್ದರೆ ಮಾತ್ರ ಸೂತ್ರ ನಡೆಯುತ್ತದೆ; ಈಗ ಕೂತು ಶೇ 15 ಎಂದೋ ಶೇ 22 ಎಂದೋ ಹಾಕಿದರೆ ಮಾಲೀಕರು ಅದನ್ನೇ ಪ್ರಶ್ನಿಸುತ್ತಾರೆ. ಅಲ್ಲದೆ ಫೂಟಿಂಗ್, ಸ್ಲ್ಯಾಬ್ ಹಾಕುವ ತ್ರೈಮಾಸಿಕದಲ್ಲಿ ಕಂಬಿಯ ನಿಜವಾದ ಪಾಲು ಸರಾಸರಿಗಿಂತ ಬಹಳ ಹೆಚ್ಚಿರುತ್ತದೆ, ಗಿಲಾವು ಮಾಡುವ ತ್ರೈಮಾಸಿಕದಲ್ಲಿ ಹೆಚ್ಚುಕಡಿಮೆ ಇರುವುದೇ ಇಲ್ಲ. ದೊಡ್ಡ ಕಾಮಗಾರಿಯಲ್ಲಿ ಕೊನೆಗೆ ಅದು ಸರಿತೂಗಬಹುದು, ಇಷ್ಟು ಸಣ್ಣ ಕಟ್ಟಡದಲ್ಲಿ ಸರಿತೂಗುವುದಿಲ್ಲ. ಸೂಚ್ಯಂಕದ ಅಂಕಿಗಳು ಮೊದಲು ತಾತ್ಕಾಲಿಕವಾಗಿ ಬಂದು ಆಮೇಲೆ ಅಂತಿಮಗೊಳ್ಳುವುದರಿಂದ ಕೊಟ್ಟ ಬಿಲ್ಲನ್ನು ಮತ್ತೊಮ್ಮೆ ತಿದ್ದಬೇಕಾಗುತ್ತದೆ ಎಂಬುದು ನಿಮಗೇ ಗೊತ್ತಿರುವ ಸಂಗತಿ. ಮುಂದಿನ ಒಪ್ಪಂದದಲ್ಲಿ ಬೇಕಾದರೆ ಸೂತ್ರವನ್ನು ಬರೆಸಿಕೊಳ್ಳಲಿ. ಈ ಒಪ್ಪಂದದಲ್ಲಿ ಮೂಲ ದರ ಎಂಬ ಮಾತಿದೆ, ಆದ್ದರಿಂದ ದರದಿಂದ ದರಕ್ಕೇ ಹೋಗಬೇಕು.

ಸೋಮವಾರಪೇಟೆಯವರಿಗೆ: ವೇಸ್ಟೇಜನ್ನು ನೀವು ಐಟಂ ದರ ಕಟ್ಟುವಾಗಲೇ ಸೇರಿಸಿರುತ್ತೀರಿ. ಅದರ ಮೇಲೆ ಏರಿದ ದರದ ಪಾಲನ್ನು ಕೇಳುವುದು ಅನ್ಯಾಯವೇನಲ್ಲ, ಆದರೆ ಒಪ್ಪಂದ ಮೌನವಾಗಿರುವಾಗ ಆ ಕೆಲವು ಸಾವಿರ ರೂಪಾಯಿಗಾಗಿ ಇಡೀ ಪಟ್ಟಿಯನ್ನು ಚರ್ಚೆಗೆ ಒಡ್ಡಬೇಡಿ. ನನಗೆ ಚಿಂತೆಯಿರುವುದು ಆ 0.7 ಟನ್ ಏಕೆ ಅಷ್ಟಾಯಿತು ಎಂಬುದರ ಬಗ್ಗೆ. 13.6 ಟನ್ನಿಗೆ ಅದು ಶೇ 5ರ ಹತ್ತಿರ ಬರುತ್ತದೆ, ಸಾಮಾನ್ಯವಾಗಿ ಶೇ 3ರೊಳಗೆ ಇರಬೇಕು. 12 ಎಂಎಂ ಕಂಬಿಯ ಒಂದು ಮೀಟರ್ ಕತ್ತರಿಸಿ ತೂಗಿ ನೋಡಿರಿ. ಅಳತೆ ಪುಸ್ತಕದಲ್ಲಿ ಮೀಟರಿಗೆ 0.888 ಕಿಲೋ ಹಿಡಿಯುತ್ತಾರೆ. ಐಎಸ್ 1786 ಆ ಗಾತ್ರಕ್ಕೆ ಶೇ 5ರಷ್ಟು ಹೆಚ್ಚುಕಡಿಮೆಯನ್ನು ಒಪ್ಪುತ್ತದೆ. ನಿಮ್ಮ ಕಂಬಿ 910 ಗ್ರಾಂ, 920 ಗ್ರಾಂ ತೂಗಿದರೆ, ವೇಬ್ರಿಜ್ ತೂಕಕ್ಕೆ ಹಣ ಕೊಟ್ಟು ಅಳತೆಯ ತೂಕಕ್ಕೆ ಹಣ ಪಡೆಯುತ್ತಿದ್ದೀರಿ ಎಂದರ್ಥ. ಆ ನಷ್ಟಕ್ಕೂ ದರ ಏರಿಕೆಗೂ ಸಂಬಂಧವಿಲ್ಲ, ಮಾಲೀಕರು ಅದನ್ನು ಭರಿಸುವುದೂ ಇಲ್ಲ.

ಇನ್ನು ದರ. ಬಂದ ಕ್ರಮದಲ್ಲೇ ಕಂಬಿ ಬಳಕೆಯಾಯಿತೆಂದು ಹಿಡಿಯಿರಿ. ಡಿಸೆಂಬರ್‌ನ 8 ಟನ್ನಿನಲ್ಲಿ 4.6 ಟನ್ ಅದೇ ತಿಂಗಳು ಹೋಯಿತು, ಉಳಿದ 3.4 ಟನ್ ಜನವರಿಯಲ್ಲಿ ಹೋಯಿತು. ಜನವರಿಯ ಉಳಿದ 1.8 ಟನ್ನಿಗೆ ಮತ್ತು ಫೆಬ್ರುವರಿಯ ಮೊದಲ 3.2 ಟನ್ನಿಗೆ ಜನವರಿಯ ಲೋಡು ಬಳಕೆಯಾಯಿತು. ಫೆಬ್ರುವರಿ ದರದ ಕಂಬಿ ಇದುವರೆಗೆ ಕಾಂಕ್ರೀಟಿಗೆ ಹೋಗಿರುವುದು ಕೇವಲ 0.6 ಟನ್. ಅಂದರೆ 50,200ರ ದರದಲ್ಲಿ 8 ಟನ್, 53,000ರ ದರದಲ್ಲಿ 5 ಟನ್, 55,500ರ ದರದಲ್ಲಿ 0.6 ಟನ್.

ಮೊದಲ ಲೋಡಿನ ಏರಿಕೆ ಶೇ 2.45 ಮಾತ್ರ, ಅದು ಮಿತಿಯೊಳಗಿದೆ, ಶೂನ್ಯ. ಎರಡನೆಯದರಲ್ಲಿ ಟನ್ನಿಗೆ 4,000ರಂತೆ 20,000 ರೂಪಾಯಿ, ಮೂರನೆಯದರಲ್ಲಿ 6,500ರಂತೆ 3,900 ರೂಪಾಯಿ. ಒಟ್ಟು 23,900. ನಿಮ್ಮ ಬಿಲ್ಲಿಗೂ ಇದಕ್ಕೂ ಇರುವ ಅಂತರವನ್ನು ನೋಡಿದರೆ ಮಾಲೀಕರು ಏಕೆ ವಾಪಸ್ ಕಳುಹಿಸಿದರು ಎಂಬುದು ಅರ್ಥವಾಗುತ್ತದೆ.

ಸೋಮವಾರಪೇಟೆಯ ಗುತ್ತಿಗೆದಾರ

ಸರ್, ಲೆಕ್ಕ ಅರ್ಥವಾಯಿತು, ಆದರೆ ಇಲ್ಲೊಂದು ವಿಷಯ ನನಗೆ ಒಪ್ಪಿಗೆಯಾಗುತ್ತಿಲ್ಲ. ಡಿಸೆಂಬರ್‌ನಲ್ಲಿ ನನ್ನ ಹಣ ಹಾಕಿ 3.4 ಟನ್ ಹೆಚ್ಚುವರಿ ತಂದಿಟ್ಟೆ. ಆ ಹಣಕ್ಕೆ ಬಡ್ಡಿ ಇದೆ. ಅದನ್ನು ಜನವರಿಯಲ್ಲಿ ಬಳಸಿದಾಗ ಮಾರುಕಟ್ಟೆಯ ದರ 53,000 ಇತ್ತು. ಮುಂದಾಲೋಚನೆಯ ಲಾಭ ನನಗೇಕೆ ಸಿಗಬಾರದು? ತಿಂಗಳ ಮಾರುಕಟ್ಟೆ ದರವನ್ನೇ ಹಿಡಿದರೆ ಜನವರಿಯ 5.2 ಟನ್ನಿಗೆ 20,800, ಫೆಬ್ರುವರಿಯ 3.8 ಟನ್ನಿಗೆ 24,700, ಒಟ್ಟು 45,500 ಆಗುತ್ತದೆ.

ಹಳೆಯ ಬಿಲ್ಲಿಂಗ್ ಎಂಜಿನಿಯರ್, ಮಡಿಕೇರಿ

ಒಪ್ಪಂದದಲ್ಲಿ ‘ಬಳಕೆಯ ತಿಂಗಳ ಮಾರುಕಟ್ಟೆ ದರ’ ಎಂದಿದ್ದರೆ 45,500 ನಿಮ್ಮದೇ ಹಕ್ಕು, ಯಾವಾಗ ಕೊಂಡಿರಿ ಎಂಬುದನ್ನು ಯಾರೂ ಕೇಳುವಂತಿಲ್ಲ. ಆದರೆ ಹಾಗಿದ್ದಾಗ ದರ ಇಳಿದ ತಿಂಗಳಲ್ಲಿ ದುಬಾರಿ ದಾಸ್ತಾನನ್ನು ಬಳಸಿದರೂ ಇಳಿದ ದರದ ಪ್ರಕಾರ ನೀವು ಹಣ ಬಿಡಬೇಕಾಗುತ್ತದೆ. ನಿಮ್ಮ ಷರತ್ತಿನಲ್ಲಿ ಬಳಕೆಯ ತಿಂಗಳ ದರ ಎಂದೂ ಇಲ್ಲ, ಖರೀದಿಯ ದರ ಎಂದೂ ಇಲ್ಲ. ಮಾಲೀಕರು ಮೊದಲ ಲೋಡಿನ ಬಿಲ್ಲನ್ನು ಈಗಾಗಲೇ ಕೈಯಲ್ಲಿ ಹಿಡಿದು ಪ್ರಶ್ನೆ ಕೇಳಿರುವುದರಿಂದ, ಖರೀದಿಯ ಕ್ರಮದ ಲೆಕ್ಕವೇ ನಿಲ್ಲುವ ಲೆಕ್ಕ ಎಂಬುದು ನನ್ನ ಅಭಿಪ್ರಾಯ. ಇನ್ನೊಬ್ಬ ಎಂಜಿನಿಯರ್ ಬೇರೆ ಹೇಳಬಹುದು.

ತೆರಿಗೆ ಸಲಹೆಗಾರ್ತಿ, ಮಡಿಕೇರಿ

ಸಿಮೆಂಟಿನ ಭಾಗವನ್ನು ಯಾರೂ ಮುಟ್ಟಿಲ್ಲ, ಆದರೆ ಈ ಒಪ್ಪಂದದ ನಿಜವಾದ ಗಂಟು ಇರುವುದು ಅಲ್ಲೇ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಒಪ್ಪಂದವಾದದ್ದು ಅದಕ್ಕೂ ಒಂದು ತಿಂಗಳ ಮೊದಲು. 396.80 ರೂಪಾಯಿಯಲ್ಲಿ ಶೇ 28ರ ತೆರಿಗೆಯನ್ನು ತೆಗೆದರೆ ಉಳಿಯುವುದು 310 ರೂಪಾಯಿ. ಈಗಿನ 389.40ರಲ್ಲಿ ಶೇ 18ರ ತೆರಿಗೆಯನ್ನು ತೆಗೆದರೆ ಉಳಿಯುವುದು 330 ರೂಪಾಯಿ. ತೆರಿಗೆ ಸೇರಿಸಿ ನೋಡಿದರೆ ಮೂಟೆಗೆ 7.40 ಇಳಿದಿದೆ, ತೆರಿಗೆ ಬಿಟ್ಟು ನೋಡಿದರೆ 20 ರೂಪಾಯಿ, ಅಂದರೆ ಶೇ 6.45 ಏರಿದೆ. ಮಾಲೀಕರು ಹೇಳುವುದೂ ಸುಳ್ಳಲ್ಲ, ಗುತ್ತಿಗೆದಾರರು ಹೇಳುವುದೂ ಸುಳ್ಳಲ್ಲ.

ಯಾವುದನ್ನು ಹಿಡಿಯಬೇಕು ಎಂದರೆ, ಗುತ್ತಿಗೆದಾರರು ಸಾಮಾನ್ಯ ನೋಂದಣಿಯಲ್ಲಿದ್ದು ಮಾಲೀಕರಿಗೆ ಶೇ 18ರ ತೆರಿಗೆ ಹಾಕಿ ಬಿಲ್ ಕೊಡುತ್ತಿದ್ದರೆ, ಸಿಮೆಂಟಿಗೆ ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂದಕ್ಕೆ ಪಡೆದಿರುತ್ತಾರೆ. ಅದು ಅವರಿಗೆ ಖರ್ಚಾಗಿರಲೇ ಇಲ್ಲ, ಆದ್ದರಿಂದ ಅದು ಇಳಿದದ್ದರಿಂದ ಅವರಿಗೆ ಲಾಭವೂ ಆಗಿಲ್ಲ. ಕುಶಾಲನಗರದ ಅಂಗಡಿಯವರು ತೆರಿಗೆಯನ್ನೂ ವ್ಯತ್ಯಾಸದಲ್ಲಿ ಸೇರಿಸಿ ಎಂದದ್ದು ಇದೇ ಕಾರಣಕ್ಕೆ ತಪ್ಪಾಗುತ್ತದೆ. ತೆರಿಗೆ ಬಿಟ್ಟ ದರದಲ್ಲಿ ವ್ಯತ್ಯಾಸ ಕಂಡು, ಬಂದ ಮೊತ್ತವನ್ನು ಕೆಲಸದ ಮೌಲ್ಯಕ್ಕೆ ಸೇರಿಸಿ, ಕೊನೆಯಲ್ಲಿ ಒಂದೇ ಸಲ ಶೇ 18 ಹಾಕಬೇಕು.

ತೋಟದವರು, ನಾಪೋಕ್ಲು

ನಾನು ಈ ಚರ್ಚೆಯಲ್ಲಿ ಆಚೆ ದಡದವಳು, ಕಟ್ಟಿಸುವವಳು. ಮೇಡಂ ಹೇಳಿದ ತೆರಿಗೆಯ ತರ್ಕ ಅರ್ಥವಾಗುತ್ತದೆ, ಆದರೆ ಒಪ್ಪಂದದಲ್ಲಿ ಇಬ್ಬರೂ ಸಹಿ ಹಾಕಿದ್ದು ‘ತೆರಿಗೆ ಸೇರಿ 396.80’ ಎಂಬ ಸಂಖ್ಯೆಗೆ. ಕಂಬಿಗೆ ತೆರಿಗೆ ಪ್ರತ್ಯೇಕ ಎಂದೂ ಸಿಮೆಂಟಿಗೆ ತೆರಿಗೆ ಸೇರಿ ಎಂದೂ ಬರೆದವರು ಗುತ್ತಿಗೆದಾರರೇ ಆಗಿರುತ್ತಾರೆ. ಬರೆದದ್ದನ್ನು ತಮಗೆ ಬೇಕಾದಾಗ ಬಿಡಿಸಿ ಓದುವುದಾದರೆ ಬರೆಯುವುದೇತಕ್ಕೆ? ಕಟ್ಟಡ ಕಟ್ಟಿಸಿದ್ದಕ್ಕೆ ನಾವು ಕೊಟ್ಟ ಶೇ 18ರ ಕ್ರೆಡಿಟ್ ನಮಗೆ ಸಿಗುವುದಿಲ್ಲ, ನಮಗೆ ಅದು ಪೂರ್ತಿ ಖರ್ಚು.

ಹಳೆಯ ಬಿಲ್ಲಿಂಗ್ ಎಂಜಿನಿಯರ್, ಮಡಿಕೇರಿ

ನಿಮ್ಮ ಮಾತಿನಲ್ಲಿ ಬಲವಿದೆ, ಮೇಡಂ. ಅಕ್ಷರಶಃ ಓದಿದರೆ ಸಿಮೆಂಟಿಗೆ ಏನೂ ಬರುವುದಿಲ್ಲ. ಆದರೆ ಅಕ್ಷರಶಃ ಓದಿದರೆ ಮಾಲೀಕರಿಗೂ ಹಣ ಹಿಂದಿರುಗುವುದಿಲ್ಲ, ಏಕೆಂದರೆ 396.80ರಲ್ಲಿ 7.40 ಎಂದರೆ ಶೇ 1.86 ಮಾತ್ರ, ಶೇ 5ರ ಮಿತಿಯೊಳಗೇ ನಿಂತಿದೆ. ಈ ಒಂದು ಸಂಗತಿಯನ್ನು ಪತ್ರದಲ್ಲಿ ಸೌಮ್ಯವಾಗಿ ಬರೆದರೆ ಮಾಲೀಕರ ಎರಡನೆಯ ಆಕ್ಷೇಪ ತಾನಾಗಿಯೇ ಬಿದ್ದುಹೋಗುತ್ತದೆ.

ತೆರಿಗೆ ಬಿಟ್ಟ ಓದಿಗೆ ಮಾಲೀಕರು ಒಪ್ಪಿದರೆ ಪ್ರಮಾಣವನ್ನು 700 ಮೂಟೆ ಎಂದು ಹಿಡಿಯಲಾಗದು. ಜನವರಿ, ಫೆಬ್ರುವರಿಯಲ್ಲಿ ಎಷ್ಟು ಘನ ಮೀಟರ್ ಎಂ25 ಹಾಕಿದ್ದೀರಿ, ಮಿಕ್ಸ್ ಡಿಸೈನ್ ವರದಿಯಲ್ಲಿ ಘನ ಮೀಟರಿಗೆ ಎಷ್ಟು ಸಿಮೆಂಟ್ ಎಂದಿದೆ?

ಸೋಮವಾರಪೇಟೆಯ ಗುತ್ತಿಗೆದಾರ

ಆ ಎರಡು ತಿಂಗಳಲ್ಲಿ 62 ಘನ ಮೀಟರ್. ವರದಿಯಲ್ಲಿ 360 ಕಿಲೋ ಇದೆ, ಅಂದರೆ ಘನ ಮೀಟರಿಗೆ 7.2 ಮೂಟೆ. ಡಿಸೆಂಬರ್‌ನಲ್ಲಿ ತೆರಿಗೆ ಬಿಟ್ಟ ದರ 318 ಇತ್ತು, ಅದು ಮಿತಿ ದಾಟುವುದಿಲ್ಲ.

ಹಳೆಯ ಬಿಲ್ಲಿಂಗ್ ಎಂಜಿನಿಯರ್, ಮಡಿಕೇರಿ

ಹಾಗಾದರೆ 446 ಮೂಟೆ, 20 ರೂಪಾಯಿಯಂತೆ 8,920. ಸಿಮೆಂಟಿನಲ್ಲಿ ದಾಸ್ತಾನಿನ ಕ್ರಮದ ಲೆಕ್ಕ ಬೇಕಾಗುವುದು ವಿರಳ. ನಮ್ಮ ಕಡೆಯ ತೇವದಲ್ಲಿ ಯಾರೂ ತಿಂಗಳುಗಟ್ಟಲೆ ಮೂಟೆ ಇಟ್ಟುಕೊಳ್ಳುವುದಿಲ್ಲ, ಕೊಂಡ ತಿಂಗಳೇ ಬಳಕೆಯ ತಿಂಗಳು. ಗೋಡೆ ಕಟ್ಟುವ ಕೆಲಸಕ್ಕೆ ಹೋದ ಸಿಮೆಂಟಿಗೆ ವ್ಯತ್ಯಾಸ ಕೇಳುವುದಾದರೆ, ಘನ ಮೀಟರಿಗೆ ಎಷ್ಟು ಮೂಟೆ ಎಂಬುದನ್ನು ಮೊದಲು ಆರ್ಕಿಟೆಕ್ಟರ ಜೊತೆ ಒಪ್ಪಿಕೊಂಡು ಬರೆದಿಡಿ, ಅದಿಲ್ಲದೆ ಕೇಳಬೇಡಿ.

ವಿರಾಜಪೇಟೆ, ಸರ್ಕಾರಿ ಕಾಮಗಾರಿ

ಎಲ್ಲರೂ ಶೇ 5 ದಾಟಿದರೆ ಪೂರ್ತಿ ವ್ಯತ್ಯಾಸ ಸಿಗುತ್ತದೆ ಎಂದೇ ಲೆಕ್ಕ ಹಾಕುತ್ತಿದ್ದೀರಿ. ಶೇ 5ರವರೆಗಿನದ್ದನ್ನು ಗುತ್ತಿಗೆದಾರನೇ ಹೊರಬೇಕು, ಅದರ ಮೇಲಿನದ್ದಕ್ಕೆ ಮಾತ್ರ ಹಣ ಎಂದು ಓದಿದರೆ ಏನಾಗುತ್ತದೆ?

ಹಳೆಯ ಬಿಲ್ಲಿಂಗ್ ಎಂಜಿನಿಯರ್, ಮಡಿಕೇರಿ

ಈ ಪ್ರಶ್ನೆಯನ್ನು ಮಾಲೀಕರು ಕೇಳುವ ಮೊದಲು ನಾವೇ ಕೇಳಿಕೊಳ್ಳಬೇಕು. ಆ ಓದಿನಲ್ಲಿ ಕಂಬಿಯ ಗಡಿ 51,450 ಆಗುತ್ತದೆ. ಎರಡನೆಯ ಲೋಡಿಗೆ ಟನ್ನಿಗೆ 1,550ರಂತೆ 7,750, ಮೂರನೆಯದಕ್ಕೆ 4,050ರಂತೆ 2,430, ಒಟ್ಟು 10,180. ಸಿಮೆಂಟಿನ ಗಡಿ 325.50, ಮೂಟೆಗೆ 4.50ರಂತೆ 2,007. ಎರಡೂ ಸೇರಿ 12,187, ತೆರಿಗೆ ಸೇರಿ 14,380.66. ಪೂರ್ತಿ ವ್ಯತ್ಯಾಸದ ಓದಿನಲ್ಲಿ 32,820, ತೆರಿಗೆ ಸೇರಿ 38,727.60.

ಷರತ್ತಿನಲ್ಲಿ ‘ವ್ಯತ್ಯಾಸದ ಮೊತ್ತವನ್ನು’ ಎಂದಿದೆ, ‘ಶೇ 5ಕ್ಕೆ ಮೀರಿದ ಮೊತ್ತವನ್ನು’ ಎಂದಿಲ್ಲ. ಆದ್ದರಿಂದ ಪೂರ್ತಿ ವ್ಯತ್ಯಾಸ ಎಂಬ ಓದು ನನಗೆ ಸಹಜವಾಗಿ ಕಾಣುತ್ತದೆ. ಆದರೂ ಎರಡು ಲೆಕ್ಕಗಳನ್ನೂ ಪಟ್ಟಿಯಲ್ಲಿ ತೋರಿಸಿ, ನಾವು ಯಾವುದನ್ನು ಏಕೆ ಕೇಳುತ್ತಿದ್ದೇವೆ ಎಂದು ಒಂದು ವಾಕ್ಯ ಬರೆಯುವುದು ಪ್ರಾಮಾಣಿಕ ಕ್ರಮ.

ತೋಟದವರು, ನಾಪೋಕ್ಲು

ಎರಡು ಮೊತ್ತ ಬರೆದುಕೊಟ್ಟರೆ ಯಾವ ಮಾಲೀಕರೂ ಚಿಕ್ಕದನ್ನೇ ಆರಿಸಿಕೊಳ್ಳುತ್ತಾರೆ, ನಾನೂ ಅದನ್ನೇ ಮಾಡುತ್ತೇನೆ. ಗುತ್ತಿಗೆದಾರರ ಪಕ್ಷ ನಿಂತು ಹೇಳುವುದಾದರೆ ಒಂದೇ ಮೊತ್ತ ಬರೆಯಬೇಕು, ಷರತ್ತಿನ ಮಾತನ್ನು ಅದರ ಮೇಲೆ ಯಥಾವತ್ತಾಗಿ ಎತ್ತಿ ಬರೆಯಬೇಕು.

ಕಟ್ಟಿಸುವವರಿಗೆ ಏನು ಬೇಕು ಎಂಬುದನ್ನು ಹೇಳುತ್ತೇನೆ. ನನ್ನ ಮನೆ ಕಟ್ಟುವಾಗ ಬಂದ ವ್ಯತ್ಯಾಸದ ಬಿಲ್ಲಿನಲ್ಲಿ ದರ ಏರಿದ ತಿಂಗಳುಗಳು ಮಾತ್ರ ಇದ್ದವು, ದರ ಏರದ ತಿಂಗಳುಗಳ ಸುದ್ದಿಯೇ ಇರಲಿಲ್ಲ, ಆಗಲೇ ನನಗೆ ಅನುಮಾನ ಬಂದದ್ದು. ಡಿಸೆಂಬರ್‌ನ ಸಾಲನ್ನು ಶೂನ್ಯ ಎಂದು ಬರೆದಾದರೂ ಪಟ್ಟಿಯಲ್ಲಿ ಇಡಬೇಕು. ದರ ಇಳಿದಿದ್ದರೆ ಕಳೆಯುವ ಚಿಹ್ನೆಯೊಂದಿಗೆ ಆ ಸಾಲೂ ಇರಬೇಕು. ಇನ್ನೊಂದು ಸಂಗತಿ ಎಂದರೆ ಹೊತ್ತು. ಜನವರಿಯಲ್ಲಿ ದರ ಮಿತಿ ದಾಟಿದ ವಾರವೇ ಒಂದು ಪತ್ರ ಬಂದಿದ್ದರೆ, ಉಳಿದ ಕಂಬಿಯನ್ನು ಈಗಲೇ ತರಿಸಿ, ಹಣ ನಾನು ಮುಂಗಡ ಕೊಡುತ್ತೇನೆ ಎಂದು ಹೇಳುವ ಅವಕಾಶ ನನಗಿರುತ್ತಿತ್ತು. ಎಲ್ಲ ಮುಗಿದ ಮೇಲೆ ಲಕ್ಷದ ಬಿಲ್ಲನ್ನು ಮುಂದಿಟ್ಟರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಕಂಬಿ ಅಂಗಡಿ, ಕುಶಾಲನಗರ

ಬೇಕಾದರೆ ಆಗಸ್ಟ್‌ನಲ್ಲಿ ಕೊಟ್ಟ ಕೊಟೇಶನ್ನಿನ ಪ್ರತಿಯನ್ನು ಸೀಲು ಹಾಕಿ ಕೊಡುತ್ತೇವೆ. ಮೂಲ ದರಕ್ಕೂ ಈಗಿನ ಬಿಲ್ಲಿಗೂ ಒಂದೇ ಅಂಗಡಿಯ ಕಾಗದವಿದ್ದರೆ ತಕರಾರು ಕಡಿಮೆ. ತೆರಿಗೆಯ ವಿಷಯದಲ್ಲಿ ಮೇಡಂ ಹೇಳಿದ್ದನ್ನು ನಮ್ಮ ಅಕೌಂಟೆಂಟನ್ನೂ ಕೇಳುತ್ತೇನೆ. ಕಾಂಪೊಸಿಶನ್‌ನಲ್ಲಿರುವ ಸಣ್ಣ ಗುತ್ತಿಗೆದಾರರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಅವರಿಗೆ ಕ್ರೆಡಿಟ್ ಸಿಗುವುದಿಲ್ಲವಲ್ಲ.

ತೆರಿಗೆ ಸಲಹೆಗಾರ್ತಿ, ಮಡಿಕೇರಿ

ಅವರ ವಿಷಯ ನಿಜಕ್ಕೂ ಬೇರೆ. ಕಾಂಪೊಸಿಶನ್‌ನಲ್ಲಿದ್ದವರಿಗೆ ಕಟ್ಟಿದ ತೆರಿಗೆ ಖರ್ಚೇ ಆಗಿರುವುದರಿಂದ, ಸಿಮೆಂಟಿನ ತೆರಿಗೆ ಇಳಿಕೆಯ ಲಾಭ ಅವರಿಗೆ ಸಿಕ್ಕಿರುತ್ತದೆ. ಅಂಥವರು ಮೂಟೆಗೆ 20 ರೂಪಾಯಿ ಏರಿತು ಎಂದು ಕೇಳುವಂತಿಲ್ಲ. ಸೋಮವಾರಪೇಟೆಯವರು ಶೇ 18 ಹಾಕಿ ಬಿಲ್ ಕೊಡುತ್ತಿರುವುದರಿಂದ ಅವರಿಗೆ ಇದು ಅನ್ವಯಿಸುವುದಿಲ್ಲ.

ಸೋಮವಾರಪೇಟೆಯ ಗುತ್ತಿಗೆದಾರ

ಎಲ್ಲರ ಮಾತನ್ನೂ ಓದಿ ಬಿಲ್ಲನ್ನು ಹೊಸದಾಗಿ ಬರೆದಿದ್ದೇನೆ. ಮೇಲೆ ಷರತ್ತಿನ ಮಾತು, ಅದರ ಕೆಳಗೆ ಕಂಬಿಯ ಮೂರು ಸಾಲು, ಸಿಮೆಂಟಿನ ಎರಡು ಸಾಲು. ಒಂದೊಂದು ಸಾಲಿನಲ್ಲೂ ಖರೀದಿ ಬಿಲ್ಲಿನ ಸಂಖ್ಯೆ, ಅಳತೆ ಪುಸ್ತಕದ ಪುಟ, ಮೂಲ ದರ, ಖರೀದಿ ದರ, ಶೇಕಡಾ ವ್ಯತ್ಯಾಸ, ಪ್ರಮಾಣ ಮತ್ತು ಮೊತ್ತ ಇವೆ. ಡಿಸೆಂಬರ್‌ನ ಸಾಲುಗಳಲ್ಲಿ ಶೂನ್ಯವಿದೆ. ನಾಪೋಕ್ಲು ಮೇಡಂ ಹೇಳಿದಂತೆ ಒಂದೇ ಮೊತ್ತ ಕೇಳಿದ್ದೇನೆ, 32,820 ಮತ್ತು ತೆರಿಗೆ. ಪತ್ರದ ಸಿಮೆಂಟಿನ ಭಾಗವನ್ನು ಹೀಗೆ ಬರೆದಿದ್ದೇನೆ:

‘ಒಪ್ಪಂದದ ಮೂಲ ದರವು ಶೇ 28ರ ತೆರಿಗೆ ಸೇರಿದ ದರವಾಗಿದ್ದು, 22.9.2025ರಿಂದ ತೆರಿಗೆಯ ದರವೇ ಬದಲಾಗಿರುವುದರಿಂದ, ಎರಡೂ ದರಗಳನ್ನು ತೆರಿಗೆ ಬಿಟ್ಟು ಹೋಲಿಸಲು ತಮ್ಮ ಒಪ್ಪಿಗೆಯನ್ನು ಕೋರುತ್ತೇವೆ. ತಾವು ತೆರಿಗೆ ಸೇರಿದ ದರವನ್ನೇ ಹೋಲಿಸಬೇಕೆಂದು ಬಯಸಿದಲ್ಲಿ ಇಳಿಕೆಯು ಶೇ 1.86 ಮಾತ್ರ ಆಗುವುದರಿಂದ ಯಾವ ಕಡೆಗೂ ಹೊಂದಾಣಿಕೆ ಬರುವುದಿಲ್ಲ.’

ಆರ್ಕಿಟೆಕ್ಟರು ಕಂಬಿಯ ಪ್ರಮಾಣಕ್ಕೆ ಮತ್ತು ಲೋಡಿನ ಕ್ರಮಕ್ಕೆ ಸಹಿ ಮಾಡಿದ್ದಾರೆ. ಶೇ 5ರ ಓದು ಮತ್ತು ಸಿಮೆಂಟಿನ ವಿಷಯ ಮಾಲೀಕರ ಜೊತೆ ಕೂತು ಮಾತನಾಡಿದ ಮೇಲೆ ಗೊತ್ತಾಗಬೇಕು. 12 ಎಂಎಂ ಕಂಬಿಯನ್ನು ಮೂರು ಕಡೆ ಕತ್ತರಿಸಿ ತೂಗಿದೆವು, ಮೀಟರಿಗೆ 915 ಗ್ರಾಂನ ಆಸುಪಾಸಿನಲ್ಲಿ ಬಂತು. ಉಳಿದಿರುವ 2.2 ಟನ್ನನ್ನು ಮುಂದಿನ ಬಿಲ್ಲಿನಲ್ಲಿ 55,500ರ ದರದಲ್ಲೇ ತೋರಿಸಬಹುದೇ?

ಹಳೆಯ ಬಿಲ್ಲಿಂಗ್ ಎಂಜಿನಿಯರ್, ಮಡಿಕೇರಿ

ತೋರಿಸಬಹುದು, ಆದರೆ ಅದು ಅಳತೆಗೆ ಬಂದ ತೂಕಕ್ಕೆ ಮಾತ್ರ. 915 ಗ್ರಾಂ ತೂಗುವ ಕಂಬಿ ಅದೇ ಆಗಿದ್ದರೆ, 2.2 ಟನ್ ಅಳತೆ ಪುಸ್ತಕದಲ್ಲಿ 2.13 ಟನ್ನಿನ ಹತ್ತಿರ ನಿಲ್ಲುತ್ತದೆ, ತುಂಡು ಹೋಗುವುದು ಬೇರೆ. ಈ ಬಿಲ್ಲಿನ ಕೊನೆಯಲ್ಲೇ ‘ಮೂರನೆಯ ಲೋಡಿನಲ್ಲಿ ಬಾಕಿ ದಾಸ್ತಾನು 2.2 ಟನ್, ವೇಬ್ರಿಜ್ ತೂಕ’ ಎಂದು ಒಂದು ಸಾಲು ಸೇರಿಸಿ ಆರ್ಕಿಟೆಕ್ಟರ ಸಹಿ ಪಡೆಯಿರಿ. ಮುಂದಿನ ತಿಂಗಳು ದರ ಇಳಿದುಹೋದರೆ, ದುಬಾರಿ ದರದ ಕಂಬಿ ಇನ್ನೂ ಎಷ್ಟು ಉಳಿದಿತ್ತು ಎಂಬುದಕ್ಕೆ ಅದೊಂದೇ ದಾಖಲೆ ಇರುತ್ತದೆ.